‘ಇದರ ಸಾರಾಂಶ ಕೊಡಿ’ ಅಂದಾಗ ಏನನ್ನು ಉಳಿಸಿಕೊಳ್ಳಬೇಕು?

‘ಇದರ ಸಾರಾಂಶ ಬರೆದುಕೊಡಿ.’ ಇಷ್ಟೇ. ಎಷ್ಟುದ್ದ ಅಂತಿಲ್ಲ, ಯಾರು ಓದುತ್ತಾರೆ ಅಂತಿಲ್ಲ, ಯಾವುದು ಮುಖ್ಯ ಅಂತಲೂ ಇಲ್ಲ. ಕೆಳಗೆ ಮೂವತ್ತು ನಲವತ್ತು ಪುಟಗಳ ಕಡತವೊಂದು ಲಗತ್ತಾಗಿರುತ್ತದೆ. ಬರವಣಿಗೆ, ಸಂಪಾದನೆ, ಕಚೇರಿಯ ಪತ್ರವ್ಯವಹಾರ ಯಾವುದರಲ್ಲಿ ಇದ್ದವರಿಗೂ ಈ ಮಾತು ಹೊಸದಲ್ಲ. ಕೇಳಿದವರ ಮನಸ್ಸಿನಲ್ಲಿ ಅದು ಪೂರ್ತಿ ಇರುತ್ತದೆ, ಯಾಕೆಂದರೆ ತಮಗೆ ಅದು ಏತಕ್ಕೆ ಬೇಕು ಅನ್ನುವುದು ಅವರಿಗೆ ಗೊತ್ತು. ನಮ್ಮ ಕೈಗೆ ಬರುವ ಹೊತ್ತಿಗೆ ಆ ‘ಏತಕ್ಕೆ’ ಮಾತ್ರ ಬಿಟ್ಟುಹೋಗಿರುತ್ತದೆ.

ಹೀಗಾದಾಗ ಹೆಚ್ಚಿನವರು ಉದ್ದದ ಬಗ್ಗೆ ತಲೆಕೆಡಿಸಿಕೊಳ್ಳುತ್ತಾರೆ. ಅರ್ಧ ಪುಟ ಸಾಕೇ, ಒಂದು ಪುಟ ಬೇಕೇ? ನನ್ನ ಅನುಭವದಲ್ಲಿ ಉದ್ದ ಕೊನೆಗೆ ತಾನಾಗಿ ತೀರ್ಮಾನವಾಗುವ ಸಂಗತಿ. ಮೊದಲು ತೀರ್ಮಾನವಾಗಬೇಕಾದದ್ದು ಬೇರೆ: ಈ ಕಡತ ಯಾವ ಪ್ರಶ್ನೆಗೆ ಉತ್ತರ ಕೊಡಲು ಹುಟ್ಟಿತು, ಆ ಉತ್ತರ ಯಾವ ಷರತ್ತಿನ ಮೇಲೆ ನಿಂತಿದೆ? ಈ ಎರಡು ಸಿಕ್ಕರೆ ಸಾರಾಂಶದ ಬೆನ್ನೆಲುಬು ಸಿಕ್ಕ ಹಾಗೆ. ಉಳಿದದ್ದನ್ನೆಲ್ಲ ಜಾಗ ಇದ್ದಷ್ಟು ಸೇರಿಸಬಹುದು, ಇಲ್ಲದಿದ್ದರೆ ಬಿಡಬಹುದು.

ಉತ್ತರವನ್ನು ಎಲ್ಲರೂ ಉಳಿಸಿಕೊಳ್ಳುತ್ತಾರೆ. ಷರತ್ತು ಬಿದ್ದುಹೋಗುತ್ತದೆ. ಅದು ಹೇಗೆ ಬಿದ್ದುಹೋಗುತ್ತದೆ ಅನ್ನುವುದಕ್ಕೆ ನನಗೆ ಗೊತ್ತಿರುವ ಅತ್ಯಂತ ಸ್ಪಷ್ಟವಾದ, ಅಷ್ಟೇ ನೋವಿನ ಉದಾಹರಣೆ ಕೊಲಂಬಿಯಾ ಬಾಹ್ಯಾಕಾಶ ನೌಕೆಯದು.

2003ರ ಜನವರಿ 16ರಂದು ಕೊಲಂಬಿಯಾ ಮೇಲೇರಿತು. ಹಾರಿದ ಸುಮಾರು 82 ಸೆಕೆಂಡಿಗೆ ಹೊರಗಿನ ಇಂಧನ ಟ್ಯಾಂಕಿನಿಂದ ಫೋಮಿನ ಒಂದು ತುಂಡು ಕಳಚಿ ನೌಕೆಯ ಎಡರೆಕ್ಕೆಗೆ ಬಡಿಯಿತು. ಕ್ಯಾಮೆರಾದಲ್ಲಿ ಅದು ದಾಖಲಾಗಿತ್ತು. ನೌಕೆ ಇನ್ನೂ ಕಕ್ಷೆಯಲ್ಲಿ ಇರುವಾಗಲೇ ಎಂಜಿನಿಯರುಗಳ ತಂಡವೊಂದು ಕೂತು, ಶಾಖದಿಂದ ನೌಕೆಯನ್ನು ಕಾಪಾಡುವ ಟೈಲುಗಳಿಗೆ ಎಷ್ಟು ಪೆಟ್ಟಾಗಿರಬಹುದು ಎಂದು ಲೆಕ್ಕ ಹಾಕಿತು. ಅದರ ಫಲಿತಾಂಶವನ್ನು ಸ್ಲೈಡುಗಳಲ್ಲಿ ಹಾಕಿ ಜನವರಿ 24ರಂದು ಮಂಡಿಸಲಾಯಿತು. ಆ ಮಂಡನೆಯನ್ನು ಕೇಳಿದವರು ಅದನ್ನು ಇನ್ನಷ್ಟು ಚಿಕ್ಕದು ಮಾಡಿ, ಹಾರಾಟದ ನಿರ್ವಹಣೆಯ ಹೊಣೆ ಹೊತ್ತ ಮೇಲಿನ ತಂಡಕ್ಕೆ ಬಾಯಿಮಾತಿನಲ್ಲಿ ತಿಳಿಸಿದರು. ಫೆಬ್ರವರಿ 1ರಂದು ಭೂಮಿಗೆ ಮರಳುವಾಗ ನೌಕೆ ಒಡೆದು ಚೂರಾಯಿತು. ಕಲ್ಪನಾ ಚಾವ್ಲಾ ಸೇರಿ ಏಳು ಮಂದಿ ಅದರಲ್ಲಿದ್ದರು.

ಆ ಸ್ಲೈಡುಗಳಲ್ಲಿ ಒಂದನ್ನು ತನಿಖಾ ಮಂಡಳಿ ಅದೇ ವರ್ಷದ ಆಗಸ್ಟಿನಲ್ಲಿ ಬಂದ ತನ್ನ ವರದಿಯಲ್ಲಿ ಹಾಗೇ ಮುದ್ರಿಸಿತು. ದತ್ತಾಂಶವನ್ನು ಹೇಗೆ ತೋರಿಸಬೇಕು ಎಂಬುದರ ಬಗ್ಗೆ ಬರೆದ ಎಡ್ವರ್ಡ್ ಟಫ್ಟಿ ಅದನ್ನು ಸಾಲು ಸಾಲಾಗಿ ಬಿಡಿಸಿ ತೋರಿಸಿದ್ದರು. ಸಾರಾಂಶ ಬರೆಯುವವರು ಒಮ್ಮೆಯಾದರೂ ಕೂತು ಓದಬೇಕಾದ ಪುಟ ಅದು.

ಸ್ಲೈಡಿನ ತಲೆಬರಹ ಹೇಳುವುದು ಇಷ್ಟು: ಹಳೆಯ ಪರೀಕ್ಷೆಗಳ ದತ್ತಾಂಶ ನೋಡಿದರೆ, ಟೈಲಿಗೆ ಆಗುವ ಹಾನಿಯ ಬಗ್ಗೆ ನಮ್ಮ ಅಂದಾಜು ಎಚ್ಚರಿಕೆಯ ಕಡೆಗೇ ವಾಲಿದೆ. ಅದರ ಕೆಳಗೆ, ಹಾನಿಯನ್ನು ಲೆಕ್ಕಹಾಕುವ ‘ಕ್ರೇಟರ್’ ಎಂಬ ಮಾದರಿ ಪರೀಕ್ಷೆಗಳಲ್ಲಿ ಕಂಡದ್ದಕ್ಕಿಂತ ಜಾಸ್ತಿಯೇ ಹಾನಿ ತೋರಿಸುತ್ತದೆ ಎಂದಿದೆ. ಇಲ್ಲಿಯವರೆಗೆ ಓದಿದವರಿಗೆ ನೆಮ್ಮದಿಯೇ ಆಗಬೇಕು. ಮೆದುವಾದ ಫೋಮು ಗಟ್ಟಿಯಾದ ಟೈಲಿನ ಹೊದಿಕೆಯನ್ನು ತೂರಬೇಕಾದರೆ ಬಹಳ ಶಕ್ತಿ ಬೇಕು ಎಂದು ಇನ್ನೂ ಕೆಳಗೆ, ಇನ್ನೂ ಚಿಕ್ಕ ಅಕ್ಷರದಲ್ಲಿ ಬರುತ್ತದೆ. ಆಮೇಲೆ ಮಾತು ತಿರುಗುತ್ತದೆ. ತುಂಡಿನ ತೂಕ, ವೇಗ ಸಾಕಷ್ಟಿದ್ದರೆ ತೂರುವುದು ಸಾಧ್ಯ, ಒಮ್ಮೆ ತೂರಿದರೆ ದೊಡ್ಡ ಹಾನಿಯಾಗಬಹುದು. ಎಲ್ಲಕ್ಕಿಂತ ಕೊನೆಗೆ ಇನ್ನೊಂದು ಮಾತು: ಈ ಹಾರಾಟದಲ್ಲಿ ಆದದ್ದು ಪರೀಕ್ಷೆಗಳ ವ್ಯಾಪ್ತಿಯಿಂದ ಬಹಳ ಹೊರಗಿದೆ. ಅದರ ಅಡಿಯಲ್ಲಿ ಕಟ್ಟಕಡೆಯ ಸಾಲು: ತುಂಡಿನ ಗಾತ್ರ 1920 ಘನ ಅಂಗುಲ, ಪರೀಕ್ಷೆಯಲ್ಲಿ ಬಳಸಿದ್ದು 3 ಘನ ಅಂಗುಲ.

ಅಂದರೆ 640 ಪಟ್ಟು.

ಈಗ ಈ ಒಂದು ಸ್ಲೈಡನ್ನು ಯಾರೋ ನಮ್ಮ ಮುಂದಿಟ್ಟು ‘ಸಾರಾಂಶ ಕೊಡಿ’ ಅಂದರು ಎಂದಿಟ್ಟುಕೊಳ್ಳಿ. ಬೇರೆ ಒಂದು ಮಾತೂ ಇಲ್ಲ.

ಮೊದಲನೆಯ ದಾರಿ ಕಡತದ ಆಕಾರವನ್ನೇ ನಂಬುವುದು. ತಲೆಬರಹ ಮುಖ್ಯ, ಮೊದಲ ಸಾಲು ಮುಖ್ಯ, ಒಳಗೆ ಸರಿದಷ್ಟೂ ವಿವರ, ವಿವರಕ್ಕೆ ಕತ್ತರಿ. ಹಾಗೆ ಮಾಡಿದರೆ ಸಿಗುವುದು ಇದು: ‘ಪರೀಕ್ಷೆಗಳ ದತ್ತಾಂಶವನ್ನು ಪರಿಶೀಲಿಸಲಾಗಿದೆ. ಮಾದರಿ ವಾಸ್ತವಕ್ಕಿಂತ ಹೆಚ್ಚು ಹಾನಿ ತೋರಿಸುತ್ತದೆ, ಆದ್ದರಿಂದ ಅಂದಾಜು ಸುರಕ್ಷಿತ ಬದಿಯಲ್ಲೇ ಇದೆ.’ ಇದರಲ್ಲಿ ಒಂದು ಶಬ್ದವೂ ಸುಳ್ಳಲ್ಲ. ಪ್ರತಿಯೊಂದನ್ನೂ ಮೂಲದಲ್ಲಿ ಬೆರಳಿಟ್ಟು ತೋರಿಸಬಹುದು. ಆದರೂ ಇದು ಕೆಟ್ಟ ಸಾರಾಂಶ.

ಎರಡನೆಯ ದಾರಿ ಎಲ್ಲವನ್ನೂ ಸ್ವಲ್ಪ ಸ್ವಲ್ಪ ಇಟ್ಟುಕೊಳ್ಳುವುದು. ಏನು ಮುಖ್ಯ ಅಂತ ಹೇಳಿಲ್ಲವಲ್ಲ, ಹಾಗಾಗಿ ಯಾವುದನ್ನೂ ಬಿಡದಿರುವುದೇ ನ್ಯಾಯ ಎಂಬ ಯೋಚನೆ. ಆಗ ಹುಟ್ಟುವುದು: ‘ಮಾದರಿ ಹೆಚ್ಚು ಹಾನಿ ತೋರಿಸುತ್ತದೆ. ಟೈಲು ತೂರಲು ಬಹಳ ಶಕ್ತಿ ಬೇಕು. ಆದರೂ ತೂರುವುದು ಸಾಧ್ಯ. ತೂರಿದರೆ ಹಾನಿ ಗಣನೀಯ. ಪ್ರಸ್ತುತ ಪರಿಸ್ಥಿತಿ ಪರೀಕ್ಷೆಯ ವ್ಯಾಪ್ತಿಯ ಹೊರಗಿದೆ.’ ಮೊದಲಿನದಕ್ಕಿಂತ ವಾಸಿ, ಕೊನೆಯ ಮಾತಾದರೂ ಉಳಿದಿದೆ. ಆದರೆ ಐದು ವಾಕ್ಯ ಐದೂ ಒಂದೇ ತೂಕದಲ್ಲಿ ಕೂತಿವೆ. ಓದಿದವರಿಗೆ ‘ಅತ್ತಲೂ ಇದೆ, ಇತ್ತಲೂ ಇದೆ’ ಅನ್ನಿಸಿ ಮುಂದಿನ ಪುಟಕ್ಕೆ ಹೋಗುತ್ತಾರೆ. ‘ವ್ಯಾಪ್ತಿಯ ಹೊರಗಿದೆ’ ಅಂದರೆ ಎರಡು ಪಟ್ಟೋ, ಇನ್ನೂರು ಪಟ್ಟೋ? ಎಲ್ಲವನ್ನೂ ಚಿಕ್ಕದು ಮಾಡುವ ಭರದಲ್ಲಿ ಅಂಕಿ ಹೋಯಿತು, ವಿಶೇಷಣ ಉಳಿಯಿತು. ಸಾಮಾನ್ಯವಾಗಿ ಆಗಬೇಕಾದದ್ದು ಇದರ ತಿರುಗುಮುರುಗು. ವಿಶೇಷಣ ಹೋದರೂ ಚಿಂತೆಯಿಲ್ಲ, ಅದರ ಹಿಂದಿರುವ ಅಳತೆ ಉಳಿಯಬೇಕು.

ಮೂರನೆಯ ದಾರಿಯಲ್ಲಿ ಪ್ರಶ್ನೆಯಿಂದ ಹೊರಡಬೇಕು. ಈ ಸ್ಲೈಡು ಯಾಕೆ ಹುಟ್ಟಿತು? ನೌಕೆ ಮೇಲಿದೆ, ಪೆಟ್ಟು ಬಿದ್ದಿದೆ, ಕೆಳಗಿಳಿಸುವುದು ಸುರಕ್ಷಿತವೇ ಅನ್ನುವುದು ತೀರ್ಮಾನವಾಗಬೇಕು. ಆ ಪ್ರಶ್ನೆ ಸ್ಲೈಡಿನಲ್ಲಿ ಎಲ್ಲೂ ಬರೆದಿಲ್ಲ, ಆದರೆ ಸ್ಲೈಡು ಇರುವುದೇ ಅದಕ್ಕಾಗಿ. ಹಾಗಾದರೆ ಉತ್ತರ ಯಾವುದರ ಮೇಲೆ ನಿಂತಿದೆ? 3 ಘನ ಅಂಗುಲದ ತುಂಡುಗಳ ಪರೀಕ್ಷೆಯ ಮೇಲೆ. ಬಡಿದದ್ದು ಎಷ್ಟು? 1920. ಹೀಗೆ ನೋಡಿದರೆ ಸಾರಾಂಶ ತಾನಾಗಿ ಬರುತ್ತದೆ: ‘ಬಡಿದಿರುವ ತುಂಡು, ನಾವು ಪರೀಕ್ಷೆ ಮಾಡಿರುವ ತುಂಡುಗಳಿಗಿಂತ ಸುಮಾರು 640 ಪಟ್ಟು ದೊಡ್ಡದು. ಚಿಕ್ಕ ತುಂಡುಗಳಲ್ಲಿ ನಮ್ಮ ಮಾದರಿ ಹಾನಿಯನ್ನು ಜಾಸ್ತಿ ತೋರಿಸಿತ್ತು ನಿಜ, ಆದರೆ ಈ ಗಾತ್ರಕ್ಕೆ ಅದು ಅನ್ವಯಿಸುತ್ತದೆ ಎನ್ನಲು ಪರೀಕ್ಷೆಯ ಆಧಾರವಿಲ್ಲ. ಟೈಲು ತೂರಿದ್ದರೆ ಹಾನಿ ದೊಡ್ಡದಾಗಿರಬಹುದು.’

ಮೂರು ವಾಕ್ಯ. ಮೊದಲನೆಯ ಸಾರಾಂಶಕ್ಕಿಂತ ಒಂದೇ ಒಂದು ವಾಕ್ಯ ಜಾಸ್ತಿ. ಅದನ್ನು ಓದಿದವರು ‘ಸರಿ, ಮುಂದೆ’ ಅನ್ನುತ್ತಾರೆ, ಇದನ್ನು ಓದಿದವರು ‘ಹಾಗಾದರೆ ರೆಕ್ಕೆಯನ್ನು ನೋಡಲು ಏನು ಮಾಡಬಹುದು?’ ಅನ್ನುತ್ತಾರೆ. ಒಂದು ಸಾರಾಂಶವನ್ನು ಅಳೆಯಲು ಇದಕ್ಕಿಂತ ಒಳ್ಳೆಯ ಅಳತೆಗೋಲು ನನಗೆ ಸಿಕ್ಕಿಲ್ಲ. ಇಡೀ ಕಡತವನ್ನು ಗಮನವಿಟ್ಟು ಓದಿದವರು ಏನು ಮಾಡುತ್ತಿದ್ದರೋ, ಸಾರಾಂಶ ಮಾತ್ರ ಓದಿದವರೂ ಅದನ್ನೇ ಮಾಡುತ್ತಾರೆಯೇ? ಬೇರೆ ಮಾಡುವ ಹಾಗಿದ್ದರೆ, ಆ ವ್ಯತ್ಯಾಸಕ್ಕೆ ಕಾರಣವಾದ ಸಂಗತಿ ಬಿಟ್ಟುಹೋಗಿದೆ. ಹೋಗಿ ಅದನ್ನು ತರಬೇಕು.

ಇಲ್ಲಿ ಒಂದು ಮಾತನ್ನು ನ್ಯಾಯವಾಗಿ ಹೇಳಬೇಕು. ನೌಕೆಗೆ ಮಾರಕವಾದದ್ದು ಟೈಲಿಗೆ ಬಿದ್ದ ಪೆಟ್ಟಲ್ಲ, ರೆಕ್ಕೆಯ ಮುಂಚೂಣಿಯ ಅಂಚಿನಲ್ಲಿದ್ದ ಬೇರೆ ವಸ್ತುವಿನ ಫಲಕಕ್ಕೆ ಬಿದ್ದದ್ದು. ಈ ಸ್ಲೈಡು ಟೈಲಿನ ಬಗ್ಗೆ ಮಾತ್ರ ಹೇಳುತ್ತದೆ. ಒಂದು ಸಾಲನ್ನು ಮೇಲೆ ತಂದಿದ್ದರೆ ಏಳು ಜೀವ ಉಳಿಯುತ್ತಿದ್ದವು ಎಂದು ಯಾರೂ ಹೇಳಲಾರರು, ನಾನೂ ಹೇಳುತ್ತಿಲ್ಲ. ಘಟನೆ ಮುಗಿದ ಮೇಲೆ ಓದುವ ನಮಗೆ ಯಾವ ಸಾಲಿನ ಮೇಲೆ ಕಣ್ಣಿಡಬೇಕು ಅನ್ನುವುದು ಗೊತ್ತಿರುತ್ತದೆ, ಅಂದು ಕೂತಿದ್ದವರಿಗೆ ಗೊತ್ತಿರಲಿಲ್ಲ. ಆದರೆ ತನಿಖಾ ಮಂಡಳಿ ಹೇಳಿದ್ದು ಅಷ್ಟೇ ನಿಜ: ಹಿರಿಯ ವ್ಯವಸ್ಥಾಪಕರೊಬ್ಬರು ಈ ಸ್ಲೈಡನ್ನು ಓದಿಯೂ ಇದು ಪ್ರಾಣಾಪಾಯದ ವಿಷಯ ಎಂದು ತಿಳಿಯದೇ ಹೋಗಿರಬಹುದು, ಅದರಲ್ಲಿ ಆಶ್ಚರ್ಯವಿಲ್ಲ. ಇನ್ನೂ ಒಂದು ವಿಷಯ. ಕ್ರೇಟರ್ ಮಾದರಿಯ ಲೆಕ್ಕದ ಪ್ರಕಾರ ಟೈಲಿನ ದಪ್ಪಕ್ಕಿಂತಲೂ ಆಳಕ್ಕೆ ಹಾನಿಯಾಗುತ್ತಿತ್ತು. ‘ಮಾದರಿ ಯಾವಾಗಲೂ ಜಾಸ್ತಿಯೇ ಹೇಳುತ್ತದೆ’ ಎಂಬ ನಂಬಿಕೆಯೇ ಆ ಫಲಿತಾಂಶದ ತೂಕವನ್ನು ತಗ್ಗಿಸಿತು. ಆ ನಂಬಿಕೆಯೋ ಚಿಕ್ಕ ತುಂಡುಗಳಿಂದ ಬಂದದ್ದು. ಷರತ್ತು ಬಿದ್ದುಹೋಗುವುದು ಅಂದರೆ ಇದೇ.

ಸ್ಲೈಡು ಕೂಡ ಒಂದು ಸಾರಾಂಶವೇ ಎಂಬುದನ್ನು ಗಮನಿಸಿ. ಲೆಕ್ಕ ಸ್ಲೈಡಾಯಿತು, ಸ್ಲೈಡು ಬಾಯಿಮಾತಾಯಿತು. ಪ್ರತಿ ಮೆಟ್ಟಿಲಿನಲ್ಲಿ ಅನುಮಾನ ಸ್ವಲ್ಪ ಸೋರಿಹೋಯಿತು, ಖಚಿತತೆ ಅಷ್ಟೇ ಉಳಿಯಿತು. ನಮಗೆ ಬರುವ ಕಡತವೂ ಬಹಳ ಸಲ ಹೀಗೆ ಇನ್ನೊಂದರ ಸಾರಾಂಶ ಆಗಿರುತ್ತದೆ. ಆಗ ಅದರ ಮೊದಲ ಪುಟವನ್ನು ನಂಬಿ ಕೆಲಸ ಮುಗಿಸುವ ಆಸೆ ಬರುತ್ತದೆ. ಬರೆದವರೇ ತಮ್ಮ ಸಾರ ಕೊಟ್ಟಿದ್ದಾರಲ್ಲ, ಅದನ್ನೇ ಇನ್ನಷ್ಟು ಚಿಕ್ಕದು ಮಾಡಿದರಾಯಿತು ಅನ್ನಿಸುತ್ತದೆ. ಆದರೆ ಬರೆದವರ ಸಾರವೂ ಮೂಲಕ್ಕೆ ನಿಷ್ಠವಾಗಿರಬೇಕೆಂದಿಲ್ಲ. ವೈದ್ಯಕೀಯ ಪ್ರಯೋಗಗಳ ವರದಿಗಳಲ್ಲಿ ಇದನ್ನು ಲೆಕ್ಕ ಹಿಡಿದು ನೋಡಿದವರಿದ್ದಾರೆ. ಮುಖ್ಯ ಪ್ರಶ್ನೆಗೆ ಸಂಖ್ಯಾಶಾಸ್ತ್ರದ ದೃಷ್ಟಿಯಿಂದ ಸ್ಪಷ್ಟ ಪರಿಣಾಮ ಕಾಣದ 72 ಪ್ರಯೋಗಗಳ ವರದಿಗಳನ್ನು ಪರಿಶೀಲಿಸಿದ ಅಧ್ಯಯನವೊಂದು 2010ರಲ್ಲಿ ಪ್ರಕಟವಾಯಿತು. ಆ ವರದಿಗಳ ಆರಂಭದ ಸಾರಲೇಖದಲ್ಲಿ, ಅದರಲ್ಲೂ ತೀರ್ಮಾನದ ಭಾಗದಲ್ಲಿ, ಅರ್ಧಕ್ಕಿಂತ ಹೆಚ್ಚಿನವು ಫಲಿತಾಂಶವನ್ನು ಇದ್ದದ್ದಕ್ಕಿಂತ ಅನುಕೂಲಕರವಾಗಿ ಹೇಳಿದ್ದವು. ಸುಮಾರು 58 ಶೇಕಡಾ. ಅದಕ್ಕೇ ನಾನು ಯಾವ ವರದಿಯನ್ನಾದರೂ ಮೊದಲು ಒಳಗಿನಿಂದ ಓದುತ್ತೇನೆ: ಕೋಷ್ಟಕಗಳು, ಮಿತಿಗಳನ್ನು ಹೇಳುವ ಭಾಗ, ಅಡಿಟಿಪ್ಪಣಿ. ಕೊನೆಗೆ ಮೊದಲ ಪುಟಕ್ಕೆ ಬಂದು, ನನಗೆ ಅನ್ನಿಸಿದ್ದಕ್ಕೂ ಅಲ್ಲಿ ಬರೆದದ್ದಕ್ಕೂ ತಾಳೆ ನೋಡುತ್ತೇನೆ. ತಾಳೆಯಾಗದ ಕಡೆ ಸಾಮಾನ್ಯವಾಗಿ ಉಳಿಸಿಕೊಳ್ಳಬೇಕಾದ ಸಂಗತಿ ಇರುತ್ತದೆ.

ಎಲ್ಲ ಕಡತಗಳೂ ಅಷ್ಟು ದೊಡ್ಡ ವಿಷಯದವಲ್ಲ, ನಿಜ. ಒಂದು ಸಭೆಯ ನಡಾವಳಿ, ಒಂದು ಉದ್ದದ ಇಮೇಲ್ ಮಾತುಕತೆ, ಹೀಗೆ ಸಾಧಾರಣವಾದವೇ ಹೆಚ್ಚು. ಅಲ್ಲೂ ಷರತ್ತು ಬೀಳುವ ರೀತಿ ಒಂದೇ. ಸಭೆಯಲ್ಲಿ ಒಬ್ಬರು ‘ಯಂತ್ರ ಈ ತಿಂಗಳೊಳಗೆ ಬಂದರೆ, ಮೂರು ತಿಂಗಳಲ್ಲಿ ಮುಗಿಸಬಹುದು ಅನ್ನಿಸುತ್ತೆ’ ಅಂದಿರುತ್ತಾರೆ. ನಡಾವಳಿಯಲ್ಲಿ ಅದು ‘ಮೂರು ತಿಂಗಳಲ್ಲಿ ಮುಗಿಸಬಹುದು ಎಂದು ತಿಳಿಸಿದರು’ ಎಂದಾಗುತ್ತದೆ. ಸಾರಾಂಶದಲ್ಲಿ ‘ಕೆಲಸ ಮೂರು ತಿಂಗಳಲ್ಲಿ ಮುಗಿಯಲಿದೆ’. ಮೊದಲು ‘ಬಂದರೆ’ ಹೋಯಿತು, ಆಮೇಲೆ ಹೇಳಿದವರು ಹೋದರು, ಕೊನೆಗೆ ‘ಬಹುದು’ ಕೂಡ ಹೋಯಿತು. ಒಬ್ಬರ ಊಹೆ ಎಲ್ಲರ ತೀರ್ಮಾನವಾಗಿ ಕೂತಿತು. ಇದನ್ನು ತಡೆಯಲು ನಾನು ಒಂದು ಚಿಕ್ಕ ಅಭ್ಯಾಸ ಇಟ್ಟುಕೊಂಡಿದ್ದೇನೆ. ಸಾರಾಂಶ ಬರೆದಾದ ಮೇಲೆ ಅದರ ಪ್ರತಿ ಕ್ರಿಯಾಪದವನ್ನು ಮೂಲದ ಕ್ರಿಯಾಪದದ ಪಕ್ಕ ಇಟ್ಟು ನೋಡುವುದು. ‘ಆಗಬಹುದು’ ಇದ್ದದ್ದು ‘ಆಗುತ್ತದೆ’ ಆಗಿದೆಯೇ? ‘ಕೆಲವರು ಸೂಚಿಸಿದರು’ ಇದ್ದದ್ದು ‘ನಿರ್ಧರಿಸಲಾಯಿತು’ ಆಗಿದೆಯೇ? ಸಾರಾಂಶ ಮೂಲಕ್ಕಿಂತ ಚಿಕ್ಕದಾಗಿರಬೇಕು, ಮೂಲಕ್ಕಿಂತ ಖಚಿತವಾಗಿರಬಾರದು. ಈ ಪರಿಶೀಲನೆಗೆ ಐದು ನಿಮಿಷ ಸಾಕು, ಅದರಲ್ಲಿ ಸಿಗುವ ತಪ್ಪುಗಳು ಓದುವವರ ಕಣ್ಣಿಗೆ ಎಂದೂ ಬೀಳದಂಥವು.

ಇನ್ನು, ಹೇಳದೇ ಬಿಟ್ಟದ್ದನ್ನು ಊಹಿಸುವುದು ಹೇಗೆ?

ಕೇಳಲು ಸಾಧ್ಯವಿದ್ದರೆ ಕೇಳುವುದೇ ಸರಿ, ಅದರಲ್ಲಿ ಸಂಕೋಚ ಬೇಡ. ಆದರೆ ಕೇಳುವ ಪ್ರಶ್ನೆ ಸರಿಯಾಗಿರಬೇಕು. ‘ಎಷ್ಟು ಪುಟ ಬೇಕು?’ ಎಂದರೆ ‘ಸ್ವಲ್ಪ ಚಿಕ್ಕದಾಗಿರಲಿ’ ಎಂಬ ಉತ್ತರ ಬರುತ್ತದೆ, ನಾವು ಇದ್ದಲ್ಲೇ ಇರುತ್ತೇವೆ. ‘ಇದನ್ನು ಓದಿದ ಮೇಲೆ ಯಾರು ಏನು ಮಾಡಬೇಕಾಗಿದೆ?’ ಎಂದು ಕೇಳಿದರೆ ಓದುಗರು, ಮುಖ್ಯ ವಿಷಯ, ಉದ್ದ ಮೂರೂ ಒಂದೇ ಉತ್ತರದಲ್ಲಿ ಸಿಗುತ್ತವೆ. ನಾಳೆ ಸಭೆಯಲ್ಲಿ ಒಪ್ಪಿಗೆ ಕೊಡಬೇಕು ಎಂದರೆ ಒಪ್ಪುವುದಕ್ಕೆ, ಒಪ್ಪದಿರುವುದಕ್ಕೆ ಇರುವ ಕಾರಣಗಳು ಮೊದಲು ಬರಬೇಕು. ಕಡತಕ್ಕೆ ಸೇರಿಸಿಡಬೇಕು ಅಷ್ಟೇ ಎಂದರೆ ಯಾವಾಗ, ಯಾರು, ಏನು ಎಂಬುದು ಮುಂದೆ ಹುಡುಕುವವರಿಗೆ ಸಿಗುವಂತಿರಬೇಕು. ತಾನು ಪೂರ್ತಿ ಓದಬೇಕೋ ಬೇಡವೋ ಎಂದು ತಿಳಿಯಲು ಬೇಕಾಗಿದ್ದರೆ ನಾಲ್ಕು ಸಾಲು ಸಾಕು, ಜೊತೆಗೆ ಯಾವ ಪುಟದಲ್ಲಿ ಏನಿದೆ ಎಂಬ ಸುಳಿವು. ಒಂದೇ ಕಡತ, ಮೂರು ಸಾರಾಂಶ, ಮೂರೂ ಸರಿ.

ಕೇಳಲು ಆಗದಿದ್ದಾಗ ಕಡತದ ಸುತ್ತಮುತ್ತ ನೋಡಬೇಕು. ಯಾರು ಯಾರಿಗೆ ಕಳಿಸಿದ್ದು, ಅವರಿಂದ ಮುಂದೆ ಯಾರಿಗೆ ಹೋಗುವ ಸಂಭವ ಇದೆ, ಯಾವ ದಿನಾಂಕಕ್ಕೆ ಮುಂಚೆ ಬಂದಿದೆ, ಒಳಗೆ ಎಲ್ಲಾದರೂ ಸಹಿ, ಒಪ್ಪಿಗೆ, ಗಡುವು ಇದೆಯೇ. ಗಡುವು ಇದ್ದ ಕಡತದಲ್ಲಿ ಗಡುವೇ ಬಹುಪಾಲು ಕೇಂದ್ರ. ಏನೂ ಸುಳಿವು ಸಿಗದಿದ್ದರೆ ನಾನು ಒಬ್ಬ ಓದುಗರನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳುತ್ತೇನೆ. ಬುದ್ಧಿವಂತರು, ಈ ಕ್ಷೇತ್ರದವರಲ್ಲ, ಮೂಲವನ್ನು ಎಂದೂ ತೆರೆಯುವುದಿಲ್ಲ, ನಾನು ಬರೆದದ್ದನ್ನು ಇನ್ನೊಬ್ಬರಿಗೆ ಹಾಗೇ ಕಳಿಸುತ್ತಾರೆ. ಈ ಕೊನೆಯ ಗುಣ ಬಹಳ ಮುಖ್ಯ. ಅವರು ಮೂಲವನ್ನು ತೆರೆಯುತ್ತಾರೆ ಎಂದುಕೊಂಡರೆ ಷರತ್ತುಗಳನ್ನು ಮೂಲಕ್ಕೇ ಬಿಡುವ ಧೈರ್ಯ ಬಂದುಬಿಡುತ್ತದೆ.

ಊಹೆ ಮಾಡಿದ ಮೇಲೆ ಅದನ್ನು ಬಚ್ಚಿಡಬಾರದು. ಸಾರಾಂಶದ ತಲೆಯ ಮೇಲೆ ಒಂದೇ ಸಾಲು: ‘ಮುಂದಿನ ಸಭೆಯಲ್ಲಿ ಒಪ್ಪಿಗೆ ಕೊಡುವವರಿಗಾಗಿ ಬರೆದದ್ದು. ಹಿನ್ನೆಲೆಯ ಇತಿಹಾಸ, ಖರೀದಿಯ ವಿಧಾನ ಬಿಟ್ಟಿದ್ದೇನೆ.’ ಇದರಿಂದ ಎರಡು ಪ್ರಯೋಜನ. ಊಹೆ ತಪ್ಪಾಗಿದ್ದರೆ ಕೇಳಿದವರು ಒಂದು ನಿಮಿಷದಲ್ಲಿ ಹೇಳುತ್ತಾರೆ, ‘ಇಲ್ಲ, ನನಗೆ ಖರೀದಿಯದೇ ಬೇಕಿತ್ತು’ ಎಂದು. ಸರಿಯಾಗಿದ್ದರೆ, ಏನು ಇಲ್ಲ ಎಂಬುದು ಅವರಿಗೆ ಗೊತ್ತಿರುತ್ತದೆ. ಬಿಟ್ಟದ್ದನ್ನು ಹೆಸರು ಹಿಡಿದು ಹೇಳದ ಸಾರಾಂಶವನ್ನು ಓದಿದವರು ಮೂಲದಲ್ಲಿ ಇಷ್ಟೇ ಇತ್ತು ಅಂದುಕೊಳ್ಳುತ್ತಾರೆ.

ಬಿಡುವುದರಲ್ಲೂ ಒಂದು ಕ್ರಮ ಇದೆ. ನಾನು ಮೊದಲು ಕೈಬಿಡುವುದು ಕೆಲಸ ನಡೆದ ಬಗೆಯನ್ನು: ಯಾವ ಸಮಿತಿ, ಎಷ್ಟು ಸಲ ಸೇರಿತು, ಯಾರಿಗೆ ಧನ್ಯವಾದ. ಆಮೇಲೆ ಒಂದೇ ಮಾತಿಗೆ ಕೊಟ್ಟ ಎರಡನೆಯ, ಮೂರನೆಯ ಉದಾಹರಣೆ. ಆಮೇಲೆ ಎಲ್ಲರಿಗೂ ಗೊತ್ತಿರುವ ಹಿನ್ನೆಲೆ. ಇಷ್ಟರಲ್ಲೇ ಸಾಧಾರಣವಾಗಿ ಕಡತದ ಬಹುಭಾಗ ಹೋಗಿರುತ್ತದೆ. ಕೊನೆಯವರೆಗೆ ಕೈಹಾಕದಿರುವುದು ಭಿನ್ನಮತ, ವಿನಾಯಿತಿ, ‘ಆದರೆ’ಯಿಂದ ಶುರುವಾಗುವ ವಾಕ್ಯಗಳು ಮತ್ತು ಅಂಕಿಗಳ ಪಕ್ಕದ ‘ಎಷ್ಟರಲ್ಲಿ’. ಹತ್ತು ದೂರು ಬಂದಿವೆ ಎಂದು ಉಳಿಸಿಕೊಂಡು, ಒಟ್ಟು ಎಷ್ಟು ಜನರಿಂದ ಎಂಬುದನ್ನು ಬಿಟ್ಟರೆ ಆ ಹತ್ತಕ್ಕೆ ಅರ್ಥವಿಲ್ಲ. ಎರಡಕ್ಕೂ ಜಾಗವಿಲ್ಲದಿದ್ದರೆ ಎರಡನ್ನೂ ಬಿಡುವುದು ಲೇಸು.

ಕೆಲವು ಬರಹಗಳು ಈ ಕ್ರಮಕ್ಕೂ ಬಗ್ಗುವುದಿಲ್ಲ. ಔಷಧದ ಪ್ರಮಾಣ ಹೇಳುವ ಚೀಟಿ, ಕರಾರು ಪತ್ರ, ಯಂತ್ರವನ್ನು ಬಿಚ್ಚುವ ಮೊದಲು ಅನುಸರಿಸಬೇಕಾದ ಸುರಕ್ಷತೆಯ ಹಂತಗಳು. ಇವುಗಳಲ್ಲಿ ಪ್ರತಿ ಸಾಲೂ ಷರತ್ತೇ, ಬಿಡಬಹುದಾದದ್ದು ಅಂತ ಏನೂ ಇಲ್ಲ. ಕರಾರಿನ ಹದಿನಾಲ್ಕನೆಯ ಅಂಶದಲ್ಲಿ ‘ಐದನೆಯ ಅಂಶದಲ್ಲಿ ಏನೇ ಇದ್ದರೂ’ ಎಂದು ಶುರುವಾಗುವ ವಾಕ್ಯ ಇರುತ್ತದೆ, ಐದನೆಯದನ್ನು ಮಾತ್ರ ಉಳಿಸಿಕೊಂಡರೆ ಓದಿದವರು ಇಲ್ಲದ ಹಕ್ಕನ್ನು ಇದೆ ಅಂದುಕೊಳ್ಳುತ್ತಾರೆ. ಇಂಥವನ್ನು ಕೊಟ್ಟು ‘ಸಾರಾಂಶ ಬರೆದುಕೊಡಿ’ ಅಂದಾಗ ನಾನು ಸಾರಾಂಶ ಬರೆಯುವುದಿಲ್ಲ. ಬದಲಿಗೆ ಯಾವ ಅಂಶ ಯಾವ ವಿಷಯದ್ದು, ಯಾವುದು ಇನ್ನೊಂದನ್ನು ಬದಲಿಸುತ್ತದೆ, ಸಹಿ ಹಾಕುವ ಮೊದಲು ಯಾವ ಮೂರನ್ನು ಮೂಲದಲ್ಲೇ ಪೂರ್ತಿ ಓದಬೇಕು ಎಂದು ಒಂದು ಹಾಳೆಯಲ್ಲಿ ಬರೆದು, ಕಡತದ ಮೇಲೆ ಪಿನ್ ಮಾಡಿ ಎರಡನ್ನೂ ಒಟ್ಟಿಗೆ ವಾಪಸ್ ಕೊಡುತ್ತೇನೆ.